ಕಾಯಿರಿ ಎನ್ನುವ ಪುಟದ ಹಿಂದೆ ಅಡಗಿರುವ ಅರ್ಜಿ

ಮಗಳು ಟೊರಾಂಟೊದಲ್ಲಿದ್ದಾಳೆ, ಹಾಸನದಲ್ಲಿರುವ ತಂದೆ ತಾಯಿ ಅವಳನ್ನು ನೋಡಲು ಹೊರಡಬೇಕು ಎಂದಿಟ್ಟುಕೊಳ್ಳೋಣ. ಕೆನಡಾ ಸರ್ಕಾರದ ಭೇಟಿ ವೀಸಾಕ್ಕಾಗಿ ಪಿಡಿಎಫ್ ರೂಪದ ಐಎಂಎಂ 5257 ಅರ್ಜಿಯನ್ನು ತುಂಬಬೇಕಾದಾಗ, ಕೊಂಡಿಯನ್ನು ಒತ್ತಿದೊಡನೆ ಹಲವು ಬ್ರೌಸರುಗಳಲ್ಲಿ ತೆರೆದುಕೊಳ್ಳುವುದು ಅರ್ಜಿಯಲ್ಲ, ಇಂಗ್ಲಿಷಿನ ಕೆಲವು ಸಾಲುಗಳು ಮಾತ್ರ:

```
Please wait...
If this message is not eventually replaced with the proper
contents of the document, your PDF viewer may not be able
to display this type of document.
```

ಇಂಟರ್ನೆಟ್ ನಿಧಾನವಾಗಿದೆಯೆಂದು ಭಾವಿಸಿ ಜನ ಹತ್ತು ನಿಮಿಷ ಕಾಯುತ್ತಾರೆ, ಫೈಲನ್ನು ಮತ್ತೆ ಇಳಿಸಿಕೊಳ್ಳುತ್ತಾರೆ, ಮೊಬೈಲಿನಲ್ಲಿ ಪ್ರಯತ್ನಿಸುತ್ತಾರೆ. ಫಲಿತಾಂಶ ಬದಲಾಗುವುದಿಲ್ಲ, ಏಕೆಂದರೆ ಅಲ್ಲಿ ಯಾವ ಕೆಲಸವೂ ನಡೆಯುತ್ತಿಲ್ಲ. ಕಾಯಿರಿ ಎಂಬ ಆ ಮಾತು ತಂತ್ರಾಂಶ ನೀಡುತ್ತಿರುವ ಸೂಚನೆಯಲ್ಲ; ಅದೇ ಆ ಫೈಲಿನ ಮೊದಲ ಪುಟ. ಪುಸ್ತಕದ ಪುಟದ ಮೇಲೆ ಅಕ್ಷರ ಅಚ್ಚಾಗಿರುವಂತೆ ಆ ಸಾಲುಗಳನ್ನು ಫೈಲ್ ಸಿದ್ಧಪಡಿಸುವಾಗಲೇ ಅದರೊಳಗೆ ಬರೆದಿಡಲಾಗಿದೆ. ಬ್ರೌಸರು ತನ್ನ ಕೆಲಸವನ್ನು ಸರಿಯಾಗಿ ಮಾಡಿ ಮುಗಿಸಿದೆ ಎನ್ನುವುದಕ್ಕೆ ಆ ಪುಟವೇ ಸಾಕ್ಷಿ.

ಹಾಗಾದರೆ ಅರ್ಜಿ ಎಲ್ಲಿದೆ? ಅದೇ ಫೈಲಿನೊಳಗೆ, ಆದರೆ ಪುಟದ ರೂಪದಲ್ಲಿಲ್ಲ. ಸಾಮಾನ್ಯ ಪಿಡಿಎಫ್ ಎಂದರೆ ಕಟ್ಟಿ ಮುಗಿಸಿದ ಮನೆ: ಯಾವ ಅಕ್ಷರ ಪುಟದ ಯಾವ ಬಿಂದುವಿನಲ್ಲಿ ನಿಲ್ಲಬೇಕು, ತುಂಬುವ ಖಾನೆ ಎಲ್ಲಿಂದ ಎಲ್ಲಿಯವರೆಗೆ ಇರಬೇಕು ಎಂಬುದೆಲ್ಲ ಮೊದಲೇ ನಿಗದಿಯಾಗಿರುತ್ತದೆ. ಈ ಅರ್ಜಿ ಎಕ್ಸ್‌ಎಫ್‌ಎ ಎಂಬ ಬೇರೊಂದು ಬಗೆಯದು, ಅದರಲ್ಲಿ ಇರುವುದು ಮನೆಯ ನಕ್ಷೆ ಮಾತ್ರ. ಅದು ಎಕ್ಸ್‌ಎಂಎಲ್ ಭಾಷೆಯಲ್ಲಿ ಬರೆದ ವಿವರಣೆ. ಫೈಲನ್ನು ತೆರೆದ ಕ್ಷಣದಲ್ಲಿ ಆ ನಕ್ಷೆಯನ್ನು ಓದಿ ಪುಟಗಳನ್ನು ಕಟ್ಟುವ ಗಾರೆಯವನು ತಂತ್ರಾಂಶದೊಳಗೆ ಇರಬೇಕು. ಇಲ್ಲದಿದ್ದರೆ ಕಾಣುವುದು ಖಾಲಿ ನಿವೇಶನದ ಮುಂದೆ ನೆಟ್ಟ ಫಲಕವೊಂದೇ.

ಈ ತಂತ್ರವನ್ನು ರೂಪಿಸಿದ್ದು ಒಟ್ಟಾವ ನಗರದ ಜೆಟ್‌ಫಾರ್ಮ್ ಎಂಬ ಸಂಸ್ಥೆ. ಮುಂದೆ ಅಕ್ಸೆಲಿಯೊ ಎಂದು ಹೆಸರು ಬದಲಿಸಿಕೊಂಡ ಆ ಸಂಸ್ಥೆಯನ್ನು 2002ರಲ್ಲಿ ಅಡೋಬಿ ಕೊಂಡುಕೊಂಡಿತು, ಮರುವರ್ಷ ಬಂದ ಪಿಡಿಎಫ್ 1.5ರಲ್ಲಿ ಎಕ್ಸ್‌ಎಫ್‌ಎ ಸೇರಿಕೊಂಡಿತು. ಕಾಗದದ ಅರ್ಜಿಗೆ ಇಲ್ಲದ ಒಂದು ಗುಣವನ್ನು, ಅಂದರೆ ತುಂಬುವವರ ಅಗತ್ಯಕ್ಕೆ ತಕ್ಕಂತೆ ಬೆಳೆಯುವ ಗುಣವನ್ನು ಅರ್ಜಿಗೆ ಕೊಡುವುದು ಅದರ ಉದ್ದೇಶವಾಗಿತ್ತು. ಮಕ್ಕಳ ವಿವರ ಕೇಳುವ ಭಾಗ ಹೀಗಿರಬಹುದು:

```
<subform name="Makkalu">
  <occur min="1" max="-1" initial="1"/>
  <field name="Hesaru"/>
</subform>
```

ಇದರಲ್ಲಿ ಖಾನೆಯ ಸ್ಥಳ ಎಲ್ಲಿಯೂ ನಮೂದಾಗಿಲ್ಲ ಎಂಬುದನ್ನು ಗಮನಿಸಬೇಕು. ಮೊದಲು ಒಂದು ಸಾಲು ತೋರಿಸು, ಒಂದಕ್ಕಿಂತ ಕಡಿಮೆ ಆಗಕೂಡದು, ಗರಿಷ್ಠ ಮಿತಿ ಇಲ್ಲ ಎಂದಷ್ಟೇ ಅದು ಹೇಳುತ್ತದೆ. ಮಿತಿ ಇಲ್ಲ ಎಂಬುದನ್ನು -1 ಸೂಚಿಸುತ್ತದೆ. ಒಬ್ಬ ಮಗನಿರುವವರಿಗೆ ಒಂದು ಸಾಲು, ಐವರು ಮಕ್ಕಳಿರುವವರಿಗೆ ಐದು ಸಾಲು. ಸಾಲು ಹೆಚ್ಚಿದಂತೆ ಕೆಳಗಿನ ಭಾಗವೆಲ್ಲ ಜಾರಿ, ಅಗತ್ಯವಾದರೆ ಹೊಸ ಪುಟವೇ ಹುಟ್ಟುತ್ತದೆ. ಪುಟಗಳ ಸಂಖ್ಯೆಯೇ ಮೊದಲು ಗೊತ್ತಿಲ್ಲದಿರುವಾಗ ಅವುಗಳನ್ನು ಅಚ್ಚು ಹಾಕಿಡುವುದು ಸಾಧ್ಯವಿಲ್ಲ. ಆದ್ದರಿಂದಲೇ ಪುಟದ ಜಾಗದಲ್ಲಿ ಕಾಯಿರಿ ಎಂಬ ಫಲಕವನ್ನು ಇಡಲಾಗುತ್ತದೆ. ಎಕ್ಸ್‌ಎಫ್‌ಎಯಲ್ಲಿ ಹೀಗೆ ಬೆಳೆಯದ, ಸ್ಥಿರವಾದ ಇನ್ನೊಂದು ಬಗೆಯೂ ಇದೆ. ಅದರಲ್ಲಿ ನಕ್ಷೆಯ ಜೊತೆಗೆ ಕಟ್ಟಿದ ಪುಟಗಳೂ ಇರುವುದರಿಂದ ಅದು ಎಲ್ಲ ಕಡೆಯೂ ಕಾಣಿಸುತ್ತದೆ.

ಫೈಲು ಯಾವ ಬಗೆಯದು ಎಂದು ತಿಳಿಯಲು ಲಿನಕ್ಸ್ ಬಳಸುವವರಿಗೆ ಸುಲಭವಾದ ದಾರಿಯಿದೆ:

```
$ pdfinfo arji.pdf
Form:            XFA
Pages:           1
```

ಎಕ್ಸ್‌ಎಫ್‌ಎ ಎಂಬ ಪದವೊಂದೇ ಸಾಲದು, ಏಕೆಂದರೆ ಸ್ಥಿರ ಬಗೆಗೂ ಅದೇ ಉತ್ತರ ಬರುತ್ತದೆ. ನಾಲ್ಕೈದು ಪುಟಗಳಿರಬೇಕಾದ ಅರ್ಜಿಗೆ ಒಂದೇ ಪುಟವೆಂದು ಅದು ಹೇಳಿದರೆ, ಆ ಒಂದು ಪುಟ ಫಲಕವೇ ಎಂದು ತಿಳಿಯಬಹುದು. ಫೈಲಿನ ಮೂಲ ವಿವರಗಳಲ್ಲಿ `/NeedsRendering true` ಎಂಬ ಗುರುತೂ ಇರುತ್ತದೆ. ಪುಟಗಳನ್ನು ಇನ್ನೂ ಕಟ್ಟಬೇಕಾಗಿದೆ ಎಂದು ಅದರ ಅರ್ಥ.

ಅರ್ಜಿ ಕಾಣಿಸದಿರುವುದು ಸಣ್ಣ ತೊಂದರೆ. ಅರ್ಜಿ ಕಳೆದುಹೋದದ್ದು ಗೊತ್ತೇ ಆಗದಿರುವುದು ದೊಡ್ಡದು, ನನಗೆ ನಿಜವಾಗಿ ಆತಂಕ ಹುಟ್ಟಿಸುವುದೂ ಅದೇ. ಹಾಸನದ ದಂಪತಿ ಹೇಗೋ ಅರ್ಜಿಯನ್ನು ತುಂಬಿ ಉಳಿಸಿದರು, ಆಮೇಲೆ ಅದನ್ನೂ ಪಾಸ್‌ಪೋರ್ಟಿನ ಸ್ಕ್ಯಾನ್ ಪ್ರತಿಯನ್ನೂ ಒಂದೇ ಫೈಲಾಗಿ ಸೇರಿಸಿಕೊಡುವ ಜಾಲತಾಣವೊಂದಕ್ಕೆ ಹಾಕಿದರು ಎನ್ನೋಣ. ಜೋಡಿಸುವ ಇಂತಹ ತಂತ್ರಾಂಶ ಸಾಮಾನ್ಯವಾಗಿ ಪುಟಗಳನ್ನು ಮಾತ್ರ ಎತ್ತಿಕೊಳ್ಳುತ್ತದೆ. ಅರ್ಜಿಯಿಂದ ಅದಕ್ಕೆ ಸಿಗುವ ಪುಟ ಒಂದೇ, ಆ ಫಲಕ. ನಕ್ಷೆಯೂ ಅದರ ಜೊತೆಗಿದ್ದ ಉತ್ತರಗಳೂ ಹಿಂದೆಯೇ ಉಳಿಯುತ್ತವೆ. ಹೊಸ ಫೈಲು ದೋಷವಿಲ್ಲದ ಪಿಡಿಎಫ್ ಆಗಿರುವುದರಿಂದ ಎಲ್ಲಿಯೂ ಎಚ್ಚರಿಕೆ ಬರುವುದಿಲ್ಲ. ವರ್ಡ್‌ಗೆ ಪರಿವರ್ತಿಸಿದಾಗಲೂ, ಫಲಕವನ್ನಷ್ಟೇ ತೋರಿಸುವ ಬ್ರೌಸರಿನಿಂದ ಮುದ್ರಿಸಿದಾಗಲೂ ಆಗುವುದು ಇದೇ. ಇದನ್ನು ಪತ್ತೆಹಚ್ಚಲು ಹೊಸ ಫೈಲನ್ನು ಕಂಪ್ಯೂಟರಿನ ಅಡೋಬಿ ರೀಡರಿನಲ್ಲಿಯೇ ತೆರೆಯಬೇಕು. ಮೂಲ ಫೈಲು ಅಲ್ಲಿ ಅರ್ಜಿಯಾಗಿ ತೆರೆದುಕೊಂಡು, ಜೋಡಿಸಿದ್ದು ಅಲ್ಲಿಯೂ ಕಾಯಿರಿ ಎಂದರೆ ಒಳಗಿನ ನಕ್ಷೆ ಹೋಗಿದೆ ಎಂದೇ ಅರ್ಥ. ಮೂಲಕ್ಕೆ ಮರಳುವುದು ಬಿಟ್ಟು ಬೇರೆ ಉಪಾಯವಿಲ್ಲ.

ಸರಿಯಾದ ದಾರಿ ಸರಳವಾಗಿದೆ. ಕೊಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಫೈಲನ್ನು ಉಳಿಸಿಕೊಂಡು, ವಿಂಡೋಸ್ ಅಥವಾ ಮ್ಯಾಕ್ ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಅಡೋಬಿ ರೀಡರನ್ನು ಮೊದಲು ತೆರೆದು, ಅದರೊಳಗಿಂದಲೇ ಫೈಲನ್ನು ತೆರೆಯಬೇಕು. ಅದೇ ಅಡೋಬಿಯ ಮೊಬೈಲ್ ಆವೃತ್ತಿ ಈ ಅರ್ಜಿಗಳನ್ನು ತೋರಿಸುವುದಿಲ್ಲ. ಲಿನಕ್ಸಿಗಾಗಿ ಬಂದ ಕೊನೆಯ ರೀಡರು 2013ರ 9.5.5, ಅದನ್ನು ಇಂದು ನೆಚ್ಚಿಕೊಳ್ಳುವಂತಿಲ್ಲ. ಫೈರ್‌ಫಾಕ್ಸ್ 2021ರ ಅಕ್ಟೋಬರಿನಲ್ಲಿ ಬಂದ 93ನೇ ಆವೃತ್ತಿಯಿಂದ ಎಕ್ಸ್‌ಎಫ್‌ಎ ನಕ್ಷೆಯನ್ನು ಓದಿ ಪುಟ ಕಟ್ಟಬಲ್ಲದು. ಅರ್ಜಿಯಲ್ಲಿ ಏನೇನು ಕೇಳಿದ್ದಾರೆ ಎಂದು ನೋಡಲು ಅದು ಚೆನ್ನಾಗಿದೆ. ಆದರೆ ಗುಂಡಿ ಒತ್ತಿದಾಗ ನಡೆಯಬೇಕಾದ ಒಳಗಿನ ಕ್ರಿಯೆಗಳ ಬಗ್ಗೆ ಅಲ್ಲಿ ಭರವಸೆ ಇಡುವಂತಿಲ್ಲ. ಐಎಂಎಂ 5257ರಲ್ಲಿ ಅಂತಹ ಗುಂಡಿಯೇ ಮುಖ್ಯವಾದದ್ದು: `Validate` ಎಂಬುದನ್ನು ಒತ್ತಿದಾಗ ಬಿಟ್ಟುಹೋದ ಖಾನೆಗಳನ್ನು ಅರ್ಜಿ ತೋರಿಸಿಕೊಡುತ್ತದೆ, ಎಲ್ಲ ಸರಿಯಿದ್ದರೆ ಉತ್ತರಗಳನ್ನು ಬಾರ್‌ಕೋಡುಗಳಾಗಿ ಮೂಡಿಸುತ್ತದೆ. ಆಮೇಲೆ ಒಂದು ಅಕ್ಷರ ತಿದ್ದಿದರೂ ಆ ಗುಂಡಿಯನ್ನು ಮತ್ತೆ ಒತ್ತಬೇಕು.

2017ರಲ್ಲಿ ಪ್ರಕಟವಾದ ಪಿಡಿಎಫ್ 2.0 ಮಾನದಂಡವು ಎಕ್ಸ್‌ಎಫ್‌ಎ ಬಳಕೆಯನ್ನು ಕೈಬಿಡಬೇಕಾದವುಗಳ ಸಾಲಿಗೆ ಸೇರಿಸಿದೆ. ನಮ್ಮ ದೇಶದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವೂ ವರ್ಷಗಳ ಕಾಲ ಇದೇ ಬಗೆಯ ಇ-ಫಾರ್ಮ್‌ಗಳನ್ನು ಬಳಸಿ, ನಂತರ ಜಾಲತಾಣದಲ್ಲೇ ತುಂಬುವ ನಮೂನೆಗಳತ್ತ ಸರಿದಿದೆ. ಹೊಸ ಅರ್ಜಿಗಳ ಕಷ್ಟ ಹೀಗೆ ಕಡಿಮೆಯಾಗಬಹುದು. ಆದರೆ ಕಂಪನಿಗಳ, ಲೆಕ್ಕಪರಿಶೋಧಕರ ಕಂಪ್ಯೂಟರುಗಳಲ್ಲಿ ಉಳಿದ ಹಳೆಯ ಪ್ರತಿಗಳು ಮುಂದೆಯೂ ಓದಬೇಕಾಗಿ ಬರುವ ದಾಖಲೆಗಳು. ಅವುಗಳನ್ನು ಕಟ್ಟಬಲ್ಲ ತಂತ್ರಾಂಶ ಕೈಯಲ್ಲಿರುವಾಗಲೇ ರೀಡರಿನಲ್ಲಿ ತೆರೆದು, ಪಿಡಿಎಫ್ ಆಗಿ ಮುದ್ರಿಸುವ ಆಯ್ಕೆಯಿಂದ ಪುಟಗಳ ಸ್ಥಿರ ಪ್ರತಿಯೊಂದನ್ನು ಮಾಡಿಟ್ಟುಕೊಳ್ಳಬೇಕು. ಆ ಪ್ರತಿ ಓದುವುದಕ್ಕೆ ಮಾತ್ರ, ಅದರಲ್ಲಿ ಖಾನೆಗಳು ಉಳಿದಿರುವುದಿಲ್ಲ. ಆದ್ದರಿಂದ ಮೂಲ ಫೈಲನ್ನು ಅಳಿಸದೆ ಅದರ ಪಕ್ಕದಲ್ಲೇ ಇಡಬೇಕು.