‘ಹಲೋ’ ಎಂದವರಿಗೆ ಮೂರು ಸಾಲಿನ ಉತ್ತರ

ಅಂಗಡಿ, ಆಸ್ಪತ್ರೆ, ಪ್ರಯೋಗಾಲಯಗಳ ವಾಟ್ಸ್‌ಆ್ಯಪ್ ಸಂಖ್ಯೆಗೆ ಗ್ರಾಹಕರು ಬರೆದಾಗ ತಾನಾಗಿ ಹೋಗುವ ಉತ್ತರಗಳನ್ನು ಬರೆದು ತಿದ್ದುವುದು ನನ್ನ ವೃತ್ತಿ. ಈ ಕೆಲಸದಲ್ಲಿ ಹೆಚ್ಚು ಚರ್ಚೆಗೆ ಬರುವುದು ಮೊದಲನೆಯ ಉತ್ತರ. ಗ್ರಾಹಕರು ‘ಹಲೋ’ ಎಂದಷ್ಟೇ ಬರೆದಿರುತ್ತಾರೆ, ಏನು ಬೇಕೆಂದು ಇನ್ನೂ ಹೇಳಿರುವುದಿಲ್ಲ. ಆ ಖಾಲಿ ಜಾಗವನ್ನು ಕಂಡ ಕೂಡಲೇ ಸಂಸ್ಥೆಯವರಿಗೆ ತಮ್ಮಲ್ಲಿರುವುದೆಲ್ಲವನ್ನೂ ಹೇಳಿಬಿಡುವ ಆಸೆಯಾಗುತ್ತದೆ.

ರಾಜಾಜಿನಗರದಲ್ಲಿರುವ ಒಂದು ರಕ್ತಪರೀಕ್ಷಾ ಪ್ರಯೋಗಾಲಯದ ಸ್ವಾಗತ ಸಂದೇಶವನ್ನೇ ತೆಗೆದುಕೊಳ್ಳೋಣ. ಮೊದಲಿಗೆ ಕಟ್ಟಡದ ಚಿತ್ರವಿರುವ ಬ್ಯಾನರ್ ಬರುತ್ತಿತ್ತು. ಅದರ ಕೆಳಗೆ ಆದರದ ಸ್ವಾಗತ, ಆರೋಗ್ಯದ ಬಗ್ಗೆ ಒಂದು ನುಡಿ, ಲಭ್ಯವಿರುವ ಪರೀಕ್ಷೆಗಳ ಪಟ್ಟಿ, ಶಾಖೆಗಳ ವಿಳಾಸ, ಜಾಲತಾಣದ ಕೊಂಡಿ ಮತ್ತು ಕೆಲಸದ ವೇಳೆ ಇರುತ್ತಿದ್ದವು. ಇಷ್ಟೂ ವಿಷಯ ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಇನ್ನೊಮ್ಮೆ ಬರುತ್ತಿತ್ತು. ಕಚೇರಿಯ ದೊಡ್ಡ ಪರದೆಯಲ್ಲಿ, ವೈಫೈ ಇರುವಲ್ಲಿ ನೋಡಿದವರಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಈ ಸಂದೇಶವನ್ನು ನಿಜವಾಗಿ ಓದುವವರು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸ್ಕ್ಯಾನಿಂಗ್‌ಗೆ ಸರದಿ ಕಾಯುತ್ತಿರುತ್ತಾರೆ, ಇಲ್ಲವೇ ಸಂಜೆಯ ಮೆಜೆಸ್ಟಿಕ್ ಗದ್ದಲದಲ್ಲಿ ಬಸ್ಸಿಗೆ ನಿಂತಿರುತ್ತಾರೆ. ನೆಲದಡಿ ಸಿಗ್ನಲ್ ಕ್ಷೀಣವಾಗಿರುತ್ತದೆ. ಬಸ್ ನಿಲ್ದಾಣದಲ್ಲಿ ಸಿಗ್ನಲ್ ಗೆರೆಗಳು ತುಂಬಿದ್ದರೂ ಒಂದೇ ಗೋಪುರವನ್ನು ಅಷ್ಟೊಂದು ಜನ ಹಂಚಿಕೊಳ್ಳುವುದರಿಂದ ವೇಗ ಕುಸಿದಿರುತ್ತದೆ. ದಿನದ ಡೇಟಾ ಮಿತಿ ಮುಗಿದವರ ಪಾಡೂ ಹೀಗೆಯೇ: ಹಲವು ಪ್ಲ್ಯಾನ್‌ಗಳಲ್ಲಿ ಮಿತಿ ದಾಟಿದ ಮೇಲೆ ವೇಗ ಸೆಕೆಂಡಿಗೆ 64 ಕಿಲೊಬಿಟ್‌ಗೆ, ಅಂದರೆ 8 ಕಿಲೊಬೈಟ್‌ಗೆ ಇಳಿಯುತ್ತದೆ.

ಇಲ್ಲೊಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ನಿಧಾನದ ಸಂಪರ್ಕದಲ್ಲಿ ಉದ್ದದ ಬರಹವೇ ಭಾರವಾಗುತ್ತದೆ ಎಂದು ಹೇಳುವವರಿದ್ದಾರೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ, ಅಂದರೆ ವ್ಯಂಜನ, ಸ್ವರಚಿಹ್ನೆ ಮುಂತಾದ ಒಂದೊಂದು ಬಿಡಿಭಾಗವೂ, 3 ಬೈಟ್ ಹಿಡಿಯುತ್ತದೆ, ಇಂಗ್ಲಿಷಿನ ಅಕ್ಷರಕ್ಕೆ 1 ಬೈಟ್ ಸಾಕು. ಹಾಗಿದ್ದರೂ 600 ಸಂಕೇತಗಳ ಕನ್ನಡ ಬರಹ 1800 ಬೈಟ್ ಆಗುತ್ತದೆ, ಅಷ್ಟೇ. 64 ಕಿಲೊಬಿಟ್ ವೇಗದಲ್ಲೂ ಅದು ಸುಮಾರು ಕಾಲು ಸೆಕೆಂಡಿನಲ್ಲಿ ಇಳಿದುಬಿಡುತ್ತದೆ. ಭಾರವಾಗುವುದು ಬ್ಯಾನರ್. 150 ಕಿಲೊಬೈಟ್‌ನ ಸಾಧಾರಣ ಚಿತ್ರ ಅದೇ ವೇಗದಲ್ಲಿ ಇಳಿಯಲು ಹತ್ತೊಂಬತ್ತು ಸೆಕೆಂಡು ಬೇಕು, ಅದೂ ಸಂಪರ್ಕ ಮಧ್ಯೆ ಕಡಿಯದಿದ್ದರೆ. ಅಷ್ಟು ಹೊತ್ತು ಪರದೆಯ ಅರ್ಧ ಭಾಗವನ್ನು ಒಂದು ಮಸುಕು ಚೌಕ ಆಕ್ರಮಿಸಿರುತ್ತದೆ. ಕೊಂಡಿಯ ಕಥೆಯೂ ಬೇರೆಯಲ್ಲ. ಅದನ್ನು ಒತ್ತಿದರೆ ವಿಳಾಸ ಹುಡುಕಲು, ಸಂಪರ್ಕ ಸ್ಥಾಪಿಸಲು, ಗೂಢಲಿಪಿಯ ಒಪ್ಪಂದ ಮಾಡಿಕೊಳ್ಳಲು ಫೋನು ಮತ್ತು ಸರ್ವರ್‌ಗಳ ನಡುವೆ ನಾಲ್ಕೈದು ಬಾರಿ ಹೋಗಿಬರುವ ವ್ಯವಹಾರ ನಡೆದ ಮೇಲಷ್ಟೇ ಪುಟದ ಮೊದಲ ಬೈಟು ಬರುತ್ತದೆ. ಒಂದು ಹೋಗಿಬರುವಿಕೆಗೆ ಒಂದು ಸೆಕೆಂಡು ತಗಲುವ ಕಡೆ, ನಾಲ್ಕೈದು ಸೆಕೆಂಡು ಬಿಳಿ ಪರದೆಯನ್ನೇ ನೋಡುತ್ತಿರಬೇಕಾಗುತ್ತದೆ.

ಹಾಗಾದರೆ ಬರಹವನ್ನು ಮೊಟಕುಗೊಳಿಸುವುದೇಕೆ? ಕಾರಣ ಪರದೆಯಲ್ಲಿದೆ. ಸಣ್ಣ ಫೋನಿನ ಸಂದೇಶದ ಚೌಕಟ್ಟಿನಲ್ಲಿ ಕನ್ನಡದ ಒಂದು ಸಾಲಿಗೆ ಹೆಚ್ಚೆಂದರೆ ಮೂರು ನಾಲ್ಕು ಪದಗಳು ಹಿಡಿಯುತ್ತವೆ. ಕಣ್ಣು ಮಂಜಾದ ಹಿರಿಯರು ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿಕೊಂಡಿದ್ದರೆ ಎರಡೇ ಪದ. ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಜಾಗವೂ ಹೆಚ್ಚು ಬೇಕು. ‘ಹಲೋ’ ಎಂದು ಈಗಷ್ಟೇ ಬರೆದವರ ಕೀಲಿಮಣೆ ಇನ್ನೂ ತೆರೆದಿರುತ್ತದೆ, ಅದು ಪರದೆಯ ಕೆಳಗಿನ ಅರ್ಧವನ್ನು ನುಂಗಿರುತ್ತದೆ. ಉಳಿದ ಜಾಗದಲ್ಲಿ ಎಂಟು ಹತ್ತು ಸಾಲು ಕಂಡರೆ ಹೆಚ್ಚು. ಅಲ್ಲಿಗೆ ಉದ್ದದ ಸಂದೇಶ ಬಂದಿಳಿದಾಗ ಅದರ ತಲೆಭಾಗ ಮೇಲಕ್ಕೆ ಸರಿದು ಬಾಲ ಮಾತ್ರ ಕಣ್ಣಿಗೆ ಬೀಳುತ್ತದೆ. ನಮ್ಮ ಪ್ರಯೋಗಾಲಯದ ಸಂದೇಶದ ಬಾಲದಲ್ಲಿದ್ದದ್ದು ಕೆಲಸದ ವೇಳೆ. ರಿಪೋರ್ಟ್ ಬಂದಿದೆಯೇ ಎಂದು ಕೇಳಲು ಬಂದವರಿಗೆ ಭಾನುವಾರದ ವೇಳಾಪಟ್ಟಿ ಮೊದಲು ಕಾಣುತ್ತಿತ್ತು. ಇನ್ನೂ ಉದ್ದವಾದರೆ ವಾಟ್ಸ್‌ಆ್ಯಪ್ ತಾನೇ ಸಂದೇಶವನ್ನು ಮಧ್ಯದಲ್ಲಿ ಮಡಚಿ, ಮುಂದಿನದನ್ನು ಓದಲು ಮತ್ತೊಮ್ಮೆ ಒತ್ತುವಂತೆ ಕೇಳುತ್ತದೆ. ಫೋನು ಜೇಬಿನಲ್ಲಿದ್ದರೆ ಬೀಗದ ಪರದೆಯ ಸೂಚನೆಯಲ್ಲಿ ಕಾಣುವುದು ಮೊದಲ ಒಂದೆರಡು ಸಾಲು, ಅಲ್ಲಿ ಸ್ವಾಗತದ ಹೊರತು ಏನೂ ಇರಲಿಲ್ಲ.

ಇಷ್ಟು ಕೇಳಿದ ಕೆಲವರು ಇನ್ನೊಂದು ತುದಿಗೆ ಹೋಗಿ ‘ನಮಸ್ಕಾರ, ಹೇಳಿ’ ಎಂದಷ್ಟೇ ಉತ್ತರಿಸುತ್ತಾರೆ. ಒಳ್ಳೆಯ ಸಂಪರ್ಕವಿದ್ದಲ್ಲಿ ಅದು ನಡೆದೀತು. ನಿಧಾನದ ಸಂಪರ್ಕದಲ್ಲಿ ಅದು ಒಂದು ಪೂರ್ತಿ ಸುತ್ತನ್ನು ವ್ಯರ್ಥಮಾಡುತ್ತದೆ. ಸುತ್ತು ಎಂದರೆ ಸಂದೇಶ ಹೋಗಿಬರುವ ಸೆಕೆಂಡುಗಳಷ್ಟೇ ಅಲ್ಲ, ಕಾಯುವುದು ಬೇಸರವಾಗಿ ಫೋನನ್ನು ಚೀಲಕ್ಕೆ ಹಾಕಿ ಮತ್ತೆ ತೆಗೆಯುವ ನಿಮಿಷಗಳೂ ಸೇರಿದವು. ಆದ್ದರಿಂದ ಉತ್ತರ ಒಂದೇ ನೋಟಕ್ಕೆ ಪೂರ್ತಿ ಕಾಣುವಷ್ಟು ಚಿಕ್ಕದಿರಬೇಕು, ಜೊತೆಗೆ ಮುಂದಿನ ಹೆಜ್ಜೆಯನ್ನೂ ಕೈಗೆ ಕೊಡುವಂತಿರಬೇಕು. ಈ ಎರಡನೆಯ ಷರತ್ತನ್ನು ಮರೆತು ಮೊದಲನೆಯದನ್ನಷ್ಟೇ ಪಾಲಿಸಿದ ಸಂದೇಶಗಳು ನನ್ನ ಮೇಜಿಗೆ ಬೇಕಾದಷ್ಟು ಬರುತ್ತವೆ.

ಪ್ರಯೋಗಾಲಯಕ್ಕೆ ಬರೆದುಕೊಟ್ಟ ಉತ್ತರ ಹೀಗಿತ್ತು:

“ನಮಸ್ಕಾರ, ರಾಜಾಜಿನಗರ ಲ್ಯಾಬ್.
ರಿಪೋರ್ಟ್‌ಗೆ 1, ಮನೆಗೆ ಬಂದು ರಕ್ತ ತೆಗೆಯಲು 2 ಎಂದು ಕಳಿಸಿ.
ಬೇರೆ ವಿಷಯವಿದ್ದರೆ ಇಲ್ಲೇ ಬರೆಯಿರಿ.”

ಸಣ್ಣ ಪರದೆಯಲ್ಲಿ ಈ ಮೂರು ಸಾಲು ಮಡಚಿಕೊಂಡು ಐದಾರು ಸಾಲುಗಳಾಗುತ್ತವೆ, ಕೀಲಿಮಣೆ ತೆರೆದಿದ್ದರೂ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಆ ಪ್ರಯೋಗಾಲಯಕ್ಕೆ ‘ಹಲೋ’ ಎಂದು ಬರೆಯುವವರಲ್ಲಿ ಬಹುಪಾಲು ಜನ ರಿಪೋರ್ಟ್‌ಗಾಗಿ ಬರುತ್ತಾರೆ ಎಂಬುದು ಹಳೆಯ ಸಂಭಾಷಣೆಗಳನ್ನು ಓದಿದರೆ ತಿಳಿಯುತ್ತಿತ್ತು, ಹಾಗಾಗಿ ಅದಕ್ಕೆ ಮೊದಲ ಸ್ಥಾನ. ಪರೀಕ್ಷೆಗಳ ಪಟ್ಟಿ, ದರ, ವಿಳಾಸಗಳನ್ನು ಯಾರೂ ಎಸೆಯಲಿಲ್ಲ; ಕೇಳಿದವರಿಗೆ ಎರಡನೆಯ ಉತ್ತರದಲ್ಲಿ ಹೋಗುತ್ತವೆ. ಅಷ್ಟರಲ್ಲಿ ಏನು ಬೇಕೆಂಬುದು ಗೊತ್ತಾಗಿರುವುದರಿಂದ ಆ ಉತ್ತರ ಉದ್ದವಾದರೂ ಓದುವವರಿಗೆ ಬೇಸರವಿಲ್ಲ.

ಅಂಕಿಯ ಬದಲು ಗುಂಡಿಗಳನ್ನೂ ಕೊಡಬಹುದು, ಒತ್ತುವುದು ಬರೆಯುವುದಕ್ಕಿಂತ ಸುಲಭ. ಆದರೆ ವಾಟ್ಸ್‌ಆ್ಯಪ್‌ನ ಉತ್ತರದ ಗುಂಡಿಗಳು ಒಂದು ಸಂದೇಶಕ್ಕೆ ಮೂರೇ, ಒಂದೊಂದರ ಮೇಲಿನ ಬರಹಕ್ಕೆ 20 ಸಂಕೇತಗಳ ಮಿತಿ. ಕನ್ನಡದಲ್ಲಿ ಈ ಮಿತಿ ಕಣ್ಣಿಗೆ ಕಾಣುವುದಕ್ಕಿಂತ ಬೇಗ ಮುಗಿಯುತ್ತದೆ, ಏಕೆಂದರೆ ವ್ಯಂಜನ, ಸ್ವರಚಿಹ್ನೆ, ಒತ್ತಿಗೆ ಬೇಕಾದ ಹಲಂತಚಿಹ್ನೆ ಎಲ್ಲವೂ ಪ್ರತ್ಯೇಕವಾಗಿ ಎಣಿಕೆಗೆ ಬರುತ್ತವೆ. ‘ಮನೆಗೆ ಬಂದು ರಕ್ತ ತೆಗೆಯಿರಿ’ ಎಂಬುದರಲ್ಲಿ ನಾವು ಎಣಿಸುವ ಅಕ್ಷರಗಳು ಹನ್ನೊಂದು. ಯಂತ್ರ ಎಣಿಸುವ ಸಂಕೇತಗಳು, ಪದಗಳ ನಡುವಿನ ಜಾಗವೂ ಸೇರಿ, 24. ಅದನ್ನು ‘ಮನೆಗೆ ಬರಬೇಕು’ ಎಂದು ತಿದ್ದಿದರೆ 12ರಲ್ಲಿ ಮುಗಿಯುತ್ತದೆ. ಅಂಕಿಯನ್ನೇ ಇಟ್ಟುಕೊಂಡರೆ ಇನ್ನೊಂದು ಎಚ್ಚರ ಬೇಕು: 1 ಎಂದು ಕೇಳಿದಾಗ ‘೧’, ‘ಒಂದು’, ‘1 ಬೇಕು’ ಎಂದು ಬರೆಯುವವರೂ ಇರುತ್ತಾರೆ, ಅವೆಲ್ಲವೂ ಒಂದೇ ಎಂದು ವ್ಯವಸ್ಥೆಗೆ ಮೊದಲೇ ಕಲಿಸಿಡಬೇಕು. ಇಲ್ಲದಿದ್ದರೆ ‘ತಪ್ಪು ಆಯ್ಕೆ’ ಎಂಬ ಉತ್ತರ ಹೋಗಿ ಮತ್ತೊಂದು ಸುತ್ತು ನಷ್ಟವಾಗುತ್ತದೆ.

ಪ್ರಯೋಗಾಲಯದ ಮಾಲೀಕರಿಗೆ ಈ ಚುಟುಕು ಒಪ್ಪಿಗೆಯಾಗಲಿಲ್ಲ. “ಮೇಡಂ, ಇಷ್ಟು ಮೊಟಕಾಗಿ ಹೇಳಿದರೆ ಮರ್ಯಾದೆ ಕೊಡಲಿಲ್ಲ ಅಂದುಕೊಳ್ಳುವುದಿಲ್ಲವೇ?” ಎಂದು ಕೇಳಿದರು. ಕನ್ನಡದಲ್ಲಿ ಗೌರವವನ್ನು ಹೊರುವುದು ಕ್ರಿಯಾಪದ. ‘ಕಳಿಸಿ’, ‘ಬರೆಯಿರಿ’ ಎಂಬಲ್ಲೇ ಅದು ಬಂದುಹೋಗಿದೆ. ಅದರ ಮೇಲೆ ಮೂರು ಸಾಲು ಆದರ ಸೇರಿಸಿದರೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಉಪಚಾರದ ಮಾತಾಡಿದಂತಾಗುತ್ತದೆ ಎಂದೆ. ಅವರು ಅರೆಮನಸ್ಸಿನಿಂದ ಒಪ್ಪಿದರು, ‘ನಮಸ್ಕಾರ’ವನ್ನು ಮಾತ್ರ ತೆಗೆಯಬಾರದು ಎಂಬ ಷರತ್ತಿನ ಮೇಲೆ. ಏಳು ಸಂಕೇತಗಳ ಆ ಪದದ ಬಗ್ಗೆ ನನಗೂ ತಕರಾರಿಲ್ಲ.

ಬೆಂಗಳೂರಿನಲ್ಲಿ ಭಾಷೆಯ ಪ್ರಶ್ನೆ ಬಿಟ್ಟದ್ದಲ್ಲ. ‘ಹಲೋ’ ಎಂಬುದರಿಂದ ಬರೆದವರ ಭಾಷೆ ತಿಳಿಯುವುದಿಲ್ಲ. ಇಂಗ್ಲಿಷ್ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಕನ್ನಡ ಬೇಡ ಎಂದಲ್ಲ. ಎಲ್ಲ ಭಾಷೆಗಳಲ್ಲೂ ಇಡೀ ಸಂದೇಶವನ್ನು ಒಂದರ ಕೆಳಗೊಂದು ಹಾಕುವುದು ಸಾಮಾನ್ಯ ರೂಢಿ, ಮತ್ತು ಸಣ್ಣ ಪರದೆಯಲ್ಲಿ ಅದರ ಪರಿಣಾಮವೆಂದರೆ ಕೊನೆಯ ಭಾಷೆ ಮಾತ್ರ ಕಾಣಿಸುವುದು. ಕನ್ನಡದಲ್ಲಿ ಸಂದೇಶವನ್ನಿಟ್ಟು, ಇಂಗ್ಲಿಷ್ ಬೇಕಾದವರು 9 ಎಂದು ಕಳಿಸಲಿ ಎಂಬ ಒಂದು ಸಣ್ಣ ಸಾಲನ್ನು ಇಂಗ್ಲಿಷಿನಲ್ಲೇ ಸೇರಿಸಿ, ಒಮ್ಮೆ ಆರಿಸಿದ್ದನ್ನು ಆ ಸಂಖ್ಯೆಯ ಜೊತೆ ನೆನಪಿಟ್ಟುಕೊಳ್ಳುವುದು ನಾನು ಕೊಡುವ ಸಲಹೆ.

ಇನ್ನು ನಿಧಾನದ ಸಂಪರ್ಕಕ್ಕೇ ವಿಶಿಷ್ಟವಾದ ಒಂದು ತೊಡಕಿದೆ, ಸಂಸ್ಥೆಯ ಕಡೆಯಿಂದ ನೋಡಿದರೆ ಇದು ಸುಲಭವಾಗಿ ಕಾಣುವುದಿಲ್ಲ. ನೆಲಮಾಳಿಗೆಯಲ್ಲಿರುವವರು ‘ಹಲೋ’ ಎಂದು ಕಳಿಸುತ್ತಾರೆ, ಸಂದೇಶದ ಪಕ್ಕ ಗಡಿಯಾರದ ಗುರುತು ನಿಂತೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ‘ಹಲೋ’, ಆಮೇಲೆ ‘ಅಮ್ಮನ ರಿಪೋರ್ಟ್ ಬಂತಾ’ ಎಂದು ಬರೆಯುತ್ತಾರೆ. ಮೆಟ್ಟಿಲು ಹತ್ತಿ ಮೇಲೆ ಬಂದಾಗ ಸಿಗ್ನಲ್ ಸಿಕ್ಕಿ ಮೂರೂ ಒಟ್ಟಿಗೆ ಹೊರಡುತ್ತವೆ. ಸ್ವಾಗತ ಸಂದೇಶ ಪ್ರತಿ ‘ಹಲೋ’ಗೂ ಹೋಗುವಂತಿದ್ದರೆ ಎರಡು ಸ್ವಾಗತಗಳು ಬಂದು, ನಿಜವಾದ ಪ್ರಶ್ನೆ ಅವುಗಳಡಿ ಹೂತುಹೋಗುತ್ತದೆ. ಹಳೆಯ ಉದ್ದದ ಸಂದೇಶವಿದ್ದಾಗ ಬ್ಯಾನರ್ ಕೂಡ ಎರಡು ಬಾರಿ ಇಳಿಯಲು ಹೊರಡುತ್ತಿತ್ತು. ಮೊದಲ ಸಂದೇಶ ಬಂದ ಮೇಲೆ ಮೂರು ನಾಲ್ಕು ಸೆಕೆಂಡು ಕಾದು, ಹಿಂದೆಯೇ ಬಂದವುಗಳಲ್ಲಿ ವಿಷಯವಿದ್ದರೆ ಸ್ವಾಗತವನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಉತ್ತರಿಸುವುದು, ಅರ್ಧ ಗಂಟೆಯೊಳಗೆ ಎರಡನೆಯ ಸ್ವಾಗತವನ್ನು ಕಳಿಸದಿರುವುದು ಇದಕ್ಕೆ ಪರಿಹಾರ. ಇದೇ ಕಾರಣಕ್ಕೆ ಉದ್ದದ ಸ್ವಾಗತವನ್ನು ಮೂರು ತುಂಡು ಮಾಡಿ ಕಳಿಸುವುದೂ ಸರಿಯಲ್ಲ. ಬೆನ್ನುಬೆನ್ನಿಗೆ ಕಳಿಸಿದವು ಅದೇ ಕ್ರಮದಲ್ಲಿ ತಲುಪುತ್ತವೆ ಎಂಬ ಖಾತ್ರಿಯಿಲ್ಲ. ಆಯ್ಕೆಗಳು ಮೊದಲು ಬಂದು ಪ್ರಶ್ನೆ ಆಮೇಲೆ ಬಂದದ್ದುಂಟು.

ಮೊಟಕುತನಕ್ಕೂ ಒಂದು ಮಿತಿಯಿದೆ. ರಾತ್ರಿ ಹನ್ನೊಂದಕ್ಕೆ ‘ಹಲೋ’ ಎಂದವರಿಗೆ ಈಗ ಸಿಬ್ಬಂದಿ ಇಲ್ಲ, ಬೆಳಿಗ್ಗೆ 7ಕ್ಕೆ ಉತ್ತರಿಸುತ್ತೇವೆ ಎಂಬುದನ್ನು ಹೇಳಲೇಬೇಕು, ಅದಕ್ಕಾಗಿ ಒಂದು ಸಾಲು ಹೆಚ್ಚಾದರೆ ಆಗಲಿ. ಆ ಸಾಲು ಇಲ್ಲದಿದ್ದರೆ ಅವರು ಕಾಯುತ್ತಲೇ ಇರುತ್ತಾರೆ. ಆಸ್ಪತ್ರೆಗಳ ಸಂಖ್ಯೆಯಾಗಿದ್ದರೆ ತುರ್ತಿಗೆ ಕರೆ ಮಾಡಬೇಕಾದ ಸಂಖ್ಯೆ ಮೊದಲ ಉತ್ತರದಲ್ಲೇ ಇರಬೇಕು, ಅದೂ ಮೊದಲ ಸಾಲಿನಲ್ಲಿ.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ನಾನು ನೋಡುವುದು ಸ್ವಾಗತದ ನಂತರ ಬಂದ ಮೊದಲ ಸಂದೇಶವನ್ನು. ಅದು ಅಂಕಿಯೋ ಪ್ರಶ್ನೆಯೋ ಆಗಿದ್ದರೆ ಉತ್ತರ ಕಣ್ಣಿಗೆ ಬಿದ್ದಿದೆ. ಮತ್ತೆ ‘ಹಲೋ’ ಎಂದೇ ಬಂದರೆ, ಅಥವಾ ಸಂದೇಶ ತಲುಪಿದ ಎರಡು ಗುರುತು ಬಿದ್ದ ಬೆನ್ನಲ್ಲೇ ಅದೇ ಸಂಖ್ಯೆಯಿಂದ ಕೌಂಟರಿಗೆ ಫೋನ್ ಕರೆ ಬಂದರೆ, ಉತ್ತರ ಪರದೆಯ ಮೇಲಿದ್ದರೂ ಓದಿಸಿಕೊಂಡಿಲ್ಲ ಎಂದು ತಿಳಿಯುತ್ತೇನೆ. ಆಗ ಸಂದೇಶವನ್ನು ಅಗ್ಗದ ಒಂದು ಸಣ್ಣ ಫೋನಿಗೆ ಕಳಿಸಿಕೊಂಡು, ಅಕ್ಷರದ ಗಾತ್ರವನ್ನು ದೊಡ್ಡದಾಗಿಸಿ, ಫೋನಿನ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕನ್ನು 2ಜಿಗೆ ಇಳಿಸಿ, ಕೀಲಿಮಣೆ ತೆರೆದಿಟ್ಟುಕೊಂಡೇ ನೋಡುತ್ತೇನೆ. ಯಾವ ಸಾಲು ಪರದೆಯಾಚೆ ಹೋಗುತ್ತದೋ ತಿದ್ದುವ ಕೆಲಸ ಅಲ್ಲಿಂದ ಶುರು.