ಕಚೇರಿ ಸ್ಥಳಾಂತರದ ಸುತ್ತೋಲೆಯಲ್ಲಿ ಏನೇನಿರಬೇಕು?

ಪ್ರಶ್ನೆ: ನಮ್ಮ ಕಚೇರಿ ಮಲ್ಲೇಶ್ವರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತಿದೆ. ಸಿಬ್ಬಂದಿಗೆ ಕಳಿಸುವ ಸುತ್ತೋಲೆಯನ್ನು ಹೇಗೆ ಬರೆಯಲಿ?

ಉತ್ತರ: ಇಂಥ ಸುತ್ತೋಲೆಗಳು ಸಾಮಾನ್ಯವಾಗಿ ಸಂಸ್ಥೆಯ ಬೆಳವಣಿಗೆಯ ಮಾತಿನಿಂದ ಆರಂಭವಾಗುತ್ತವೆ. ಆದರೆ ಯಶವಂತಪುರದಿಂದ ಬರುವ ಉದ್ಯೋಗಿ ಅದನ್ನು ತೆರೆದೊಡನೆ ಹುಡುಕುವುದು ತಾನು ಯಾವ ದಿನದಿಂದ, ಎಲ್ಲಿಗೆ, ಹೇಗೆ ಹೋಗಬೇಕು ಎಂಬುದನ್ನು. ಆದ್ದರಿಂದ ಮೊದಲ ವಾಕ್ಯವೇ ಅದನ್ನು ಹೇಳಲಿ. ಸ್ಥಳಾಂತರದ ಕಾರಣಕ್ಕೆ ಕೊನೆಯಲ್ಲಿ ಎರಡು ಸಾಲು ಸಾಕು.

ದಿನಾಂಕದ ವಿಷಯದಲ್ಲಿ ಗೊಂದಲ ಹುಟ್ಟುವುದು ಒಂದೇ ದಿನವನ್ನು ಬರೆದಾಗ. "ಜೂನ್ 15ರಂದು ಸ್ಥಳಾಂತರ" ಎಂದರೆ ಅಂದು ಹಳೆಯ ಕಚೇರಿಗೆ ಬರಬೇಕೋ, ಹೊಸದಕ್ಕೋ ತಿಳಿಯುವುದಿಲ್ಲ. ಹೀಗೆ ಬರೆಯಬಹುದು: "2026ರ ಜೂನ್ 12, ಶುಕ್ರವಾರ ಮಲ್ಲೇಶ್ವರದಲ್ಲಿ ಕೊನೆಯ ದಿನ, ಅಂದು ಸಂಜೆ 4ರೊಳಗೆ ನಿಮ್ಮ ಸಾಮಾನುಗಳನ್ನು ಪೆಟ್ಟಿಗೆಗೆ ತುಂಬಿ, ಹೆಸರು ಮತ್ತು ಹೊಸ ಮೇಜಿನ ಸಂಖ್ಯೆಯ ಚೀಟಿ ಅಂಟಿಸಿ, ಲ್ಯಾಪ್‌ಟಾಪ್ ಮನೆಗೆ ಒಯ್ಯಿರಿ. ಜೂನ್ 15, ಸೋಮವಾರ ಎಲ್ಲರೂ ಮನೆಯಿಂದಲೇ ಕೆಲಸ ಮಾಡುವುದು. ಜೂನ್ 16, ಮಂಗಳವಾರದಿಂದ ಹೊಸ ಕಚೇರಿ."

ವಿಳಾಸದಲ್ಲಿ "ಎಲೆಕ್ಟ್ರಾನಿಕ್ ಸಿಟಿ" ಎಂದಷ್ಟೇ ಇದ್ದರೆ ಸಾಲದು. ಅಲ್ಲಿ ಮೊದಲನೇ ಹಂತ, ಎರಡನೇ ಹಂತ ಎಂದು ಬೇರೆ ಬೇರೆ ಇವೆ. ತಪ್ಪು ಹಂತದಲ್ಲಿ ಇಳಿದವರು ಹೆದ್ದಾರಿಯ ಪಕ್ಕದಲ್ಲಿ ಆಟೋ ಹುಡುಕುತ್ತ ನಿಲ್ಲಬೇಕಾಗುತ್ತದೆ. ಹಂತ, ರಸ್ತೆ, ಕಟ್ಟಡ, ಮಹಡಿ, ಪಿನ್‌ಕೋಡ್ ಇವುಗಳ ಜೊತೆಗೆ ನಡೆದು ಬರುವವರು ಯಾವ ಗೇಟಿನಿಂದ ಒಳಬರಬೇಕು ಎಂಬುದನ್ನೂ ತಿಳಿಸಿ. ನಕ್ಷೆಯ ಕೊಂಡಿಯನ್ನು ಕಟ್ಟಡದ ಮಧ್ಯಕ್ಕಲ್ಲ, ಆ ಗೇಟಿಗೇ ಕೊಡಿ.

ಹೆಚ್ಚು ಶ್ರಮ ಬೇಡುವುದು ಪ್ರಯಾಣದ ಭಾಗ. "ಮೆಟ್ರೋ ಸೌಲಭ್ಯವಿದೆ" ಎಂಬ ವಾಕ್ಯದಿಂದ ಯಾರಿಗೂ ದಾರಿ ತಿಳಿಯುವುದಿಲ್ಲ. ಸಿಬ್ಬಂದಿ ಹೆಚ್ಚಾಗಿ ವಾಸಿಸುವ ಮೂರು ನಾಲ್ಕು ಬಡಾವಣೆಗಳನ್ನು ಆರಿಸಿಕೊಂಡು ಪ್ರತಿಯೊಂದರಿಂದಲೂ ದಾರಿಯನ್ನು ಬರೆಯಿರಿ. ಯಶವಂತಪುರದವರು ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಯವರೆಗೆ ಬಂದು, 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗಕ್ಕೆ ಬದಲಿಸಿಕೊಳ್ಳಬೇಕು. ಮಾರತ್ತಹಳ್ಳಿಯವರಿಗೆ ಮೆಜೆಸ್ಟಿಕ್ ಸುತ್ತುವುದಕ್ಕಿಂತ ಹೊರವರ್ತುಲ ರಸ್ತೆಯ ಬಸ್ಸಿನಲ್ಲಿ ಸಿಲ್ಕ್ ಬೋರ್ಡ್‌ಗೆ ಬಂದು ಅಲ್ಲಿಂದ ಹಳದಿ ಮಾರ್ಗ ಹಿಡಿಯುವುದು ನೇರ. ಕಳಿಸುವ ಮೊದಲು ಯಾರಾದರೊಬ್ಬರು ಕೆಲಸದ ದಿನ ಬೆಳಿಗ್ಗೆ ಈ ದಾರಿಗಳಲ್ಲಿ ನಿಜವಾಗಿ ಪ್ರಯಾಣಿಸಿ, ರೈಲು ಬದಲಿಸಲು ಕಾಯುವ ಸಮಯವನ್ನೂ ನಿಲ್ದಾಣದಿಂದ ಗೇಟಿನವರೆಗಿನ ನಡಿಗೆಯನ್ನೂ ಸೇರಿಸಿ ಗಡಿಯಾರ ನೋಡಿ ಬರೆದುಕೊಳ್ಳಲಿ. ನಕ್ಷೆ ತೋರಿಸುವ ಅಂದಾಜಿಗಿಂತ ಆ ಅಂಕಿಯೇ ಸುತ್ತೋಲೆಯಲ್ಲಿರಲಿ.

ಕೆಲವರ ಪ್ರಯಾಣ ದಿನಕ್ಕೆ ಎರಡು ಗಂಟೆ ಹೆಚ್ಚಾಗಬಹುದು. ಅದನ್ನು ಮರೆಮಾಚದೆ ಒಪ್ಪಿಕೊಂಡು, ಕೆಲಸದ ವೇಳೆಯಲ್ಲಿ ಸಡಿಲಿಕೆ, ಕಚೇರಿ ವಾಹನ, ಪ್ರಯಾಣ ಭತ್ಯೆ ಇವುಗಳಲ್ಲಿ ಆಡಳಿತ ಮಂಜೂರು ಮಾಡಿರುವುದನ್ನು ಮಾತ್ರ ಬರೆಯಿರಿ. "ಪರಿಶೀಲಿಸಲಾಗುವುದು" ಎಂಬ ಮಾತು ಬೇಡ. ವಾಹನ ಬೇಕಾದವರು ತಮ್ಮ ಹತ್ತಿರದ ಬಸ್ ನಿಲ್ದಾಣದ ಹೆಸರನ್ನು ಯಾರಿಗೆ, ಯಾವ ದಿನದೊಳಗೆ ತಿಳಿಸಬೇಕು ಎಂಬುದನ್ನೂ ಸೇರಿಸಿ. ವಾಹನದ ಮಾರ್ಗ ಗೊತ್ತುಮಾಡಲು ವಾರವಾದರೂ ಬೇಕಾಗುವುದರಿಂದ ಆ ಗಡುವು ಮೇ ಕೊನೆಯೊಳಗಿರಲಿ.