ಅಪ್ಪನ ನೆನಪಿಗೆ ಕೊಟ್ಟ ದಾನ, ಅಪ್ಪನ ಹೆಸರಲ್ಲೇ ಬಂದ ರಸೀದಿ

ಜೂನ್ ತಿಂಗಳಲ್ಲಿ ನಮ್ಮ ಆಫೀಸಿಗೆ ಬೆಂಗಳೂರಿನ ಒಬ್ಬ ಇಂಜಿನಿಯರ್ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರ್. ಅದರೊಳಗೆ ದಪ್ಪ ಕಾಗದದ ಮೇಲೆ ಅಚ್ಚು ಹಾಕಿದ ಚೆಂದದ ರಸೀದಿ. ಅವರ ತಂದೆ ಹಿಂದಿನ ವರ್ಷ ತೀರಿಕೊಂಡಿದ್ದರು. ಮೊದಲ ವರ್ಷದ ತಿಥಿಗೆ ಊರಿಗೆ ಹೋದಾಗ, ಅಲ್ಲಿನ ಅಂಧ ಮಕ್ಕಳ ಶಾಲೆ ನಡೆಸುವ ಟ್ರಸ್ಟ್‌ಗೆ ಇವರು 2,00,000 ರೂಪಾಯಿ ಬ್ಯಾಂಕಿನಿಂದ ವರ್ಗಾಯಿಸಿದ್ದರು. ಅವತ್ತೇ ಮಕ್ಕಳ ಊಟಕ್ಕೆ ಅಂತ 15,000 ನಗದು, ಜೊತೆಗೆ ಹತ್ತು ಮೂಟೆ ಅಕ್ಕಿ.

‘ಮೇಡಂ, ಇದಕ್ಕೆ ಪೂರ್ತಿ ತೆರಿಗೆ ವಿನಾಯಿತಿ ಇದೆ ಅಂದ್ರು ಟ್ರಸ್ಟ್‌ನವರು. ರಸೀದಿ ಕೆಳಗೆ 80ಜಿ ಅಂತ ಹಾಕಿದ್ದಾರೆ ನೋಡಿ’ ಅಂದರು.

ನಾನು ಕೆಳಗಿನ ಸಾಲಿಗಿಂತ ಮೊದಲು ಮೇಲಿನ ಸಾಲು ನೋಡಿದೆ. ‘ಶ್ರೀಯುತರಿಂದ’ ಅನ್ನುವ ಜಾಗದಲ್ಲಿ ಅವರ ತಂದೆಯ ಹೆಸರು ಇತ್ತು.

ಈ ಒಂದು ಫೋಲ್ಡರ್‌ನಲ್ಲಿ 80ಜಿ ವಿಷಯದಲ್ಲಿ ಜನ ಎಡವುವ ಜಾಗಗಳೆಲ್ಲ ಇದ್ದವು. ಅದಕ್ಕೇ ಇದನ್ನೇ ಹಿಡಿದು ಹೇಳುತ್ತೇನೆ. ಇಲ್ಲಿ ಹೇಳುವುದು 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಬಗ್ಗೆ, ಅಂದರೆ ದಾನ ಕೊಟ್ಟವರಿಗೆ ತೆರಿಗೆ ಬೀಳುವ ಆದಾಯದಲ್ಲಿ ಕಡಿತ ಕೊಡುವ ಸೆಕ್ಷನ್ ಬಗ್ಗೆ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ ಇದೇ ವಿಷಯ 133ನೇ ಸೆಕ್ಷನ್‌ನಲ್ಲಿದೆ.

ಮೊದಲ ಪ್ರಶ್ನೆ ರಸೀದಿಯದ್ದಲ್ಲ, ನಿಮ್ಮದು. ನೀವು ಯಾವ ಪದ್ಧತಿಯಲ್ಲಿ ತೆರಿಗೆ ಕಟ್ಟುತ್ತೀರಿ? ಹೊಸ ಪದ್ಧತಿಯಲ್ಲಿ 80ಜಿ ಇಲ್ಲವೇ ಇಲ್ಲ. ಈಗ ನೀವಾಗಿ ಬೇಡ ಅನ್ನದಿದ್ದರೆ ಹೊಸ ಪದ್ಧತಿಯೇ ಅನ್ವಯ ಆಗುತ್ತದೆ. ಬರೀ ದಾನಕ್ಕಾಗಿ ಹಳೇ ಪದ್ಧತಿಗೆ ಹೋದರೆ ಎಷ್ಟೋ ಜನರಿಗೆ ನಷ್ಟವೇ. ಈ ಇಂಜಿನಿಯರ್ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದರು, ಮನೆ ಬಾಡಿಗೆ ಭತ್ಯೆ ಬರುತ್ತಿತ್ತು. ಮೈಸೂರಿನಲ್ಲಿ ಕಟ್ಟಿಸಿದ ಮನೆಯ ಸಾಲದ ಬಡ್ಡಿಯೂ ಇತ್ತು. ಎರಡೂ ಲೆಕ್ಕ ಹಾಕಿ ನೋಡಿದೆ. ಅವರಿಗೆ ಹಳೇದೇ ವಾಸಿ. ಹಾಗಾಗಿ ರಸೀದಿ ಕಡೆ ಬಂದೆವು.

ಅಕ್ಕಿ ಮೂಟೆಯನ್ನು ಮೊದಲೇ ಬದಿಗಿಟ್ಟೆ. ಕಾಯ್ದೆ ಕೇಳುವುದು ದುಡ್ಡಿನ ರೂಪದ ದಾನ ಮಾತ್ರ. ಅಕ್ಕಿ, ಬಟ್ಟೆ, ಕಂಪ್ಯೂಟರ್, ಹೊಲಿಗೆ ಯಂತ್ರ, ಏನೇ ಕೊಟ್ಟರೂ ಅದರ ಬೆಲೆಗೆ ಕಡಿತ ಸಿಗುವುದಿಲ್ಲ, ಅಂಗಡಿ ಬಿಲ್ ಇಟ್ಟುಕೊಂಡಿದ್ದರೂ ಅಷ್ಟೇ. ಅದೇ ದುಡ್ಡನ್ನು ಟ್ರಸ್ಟ್ ಖಾತೆಗೆ ಹಾಕಿ, ಅಕ್ಕಿಯನ್ನು ಅವರೇ ಕೊಂಡುಕೊಂಡಿದ್ದರೆ ಕಡಿತಕ್ಕೆ ಸೇರಿಸಬಹುದಿತ್ತು.

ನಗದು 15,000ದ ಕಥೆಯೂ ಹಾಗೇ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಆ ದಾನ ಪೂರ್ತಿ ಲೆಕ್ಕದಿಂದ ಹೊರಗೆ. ‘ಮೊದಲ 2,000ಕ್ಕಾದ್ರೂ ಸಿಗುತ್ತಾ?’ ಅಂತ ಎಲ್ಲರೂ ಕೇಳುತ್ತಾರೆ. ಸಿಗುವುದಿಲ್ಲ. ಚೆಕ್, ಬ್ಯಾಂಕ್ ವರ್ಗಾವಣೆ, ಯುಪಿಐ ಎಲ್ಲ ನಡೆಯುತ್ತದೆ. ಅವತ್ತು ಅಲ್ಲೇ ನಿಂತು ಫೋನಿನಲ್ಲಿ ಕಳಿಸಿದ್ದರೆ ಸಾಕಿತ್ತು. ‘ಎರಡೆರಡು ಸಾವಿರದ ಹಲವು ರಸೀದಿ ಮಾಡಿಸಿಕೊಡ್ತೀವಿ’ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಅದು ನಡೆಯದ ವಹಿವಾಟಿಗೆ ದಾಖಲೆ ಸೃಷ್ಟಿಸಿದ ಹಾಗೆ.

ಉಳಿದದ್ದು 2,00,000. ಇಲ್ಲಿ ಸಂಸ್ಥೆ ಯಾವುದು ಅನ್ನುವುದು ಮುಖ್ಯ.

ಪ್ರಧಾನಿ ಪರಿಹಾರ ನಿಧಿ, ಪಿಎಂ ಕೇರ್ಸ್, ಮುಖ್ಯಮಂತ್ರಿ ಪರಿಹಾರ ನಿಧಿ ಇಂಥವಕ್ಕೆ ಕೊಟ್ಟರೆ ಕೊಟ್ಟಷ್ಟಕ್ಕೂ ಕಡಿತ, ಮಿತಿ ಇಲ್ಲ. ‘ಪೂರ್ತಿ ವಿನಾಯಿತಿ’ ಅನ್ನುವ ಮಾತು ಸರಿಹೊಂದುವುದು ಹೆಚ್ಚಾಗಿ ಇಂಥ ನಿಧಿಗಳಿಗೆ. ನಮ್ಮ ಸುತ್ತಮುತ್ತ ಇರುವ ಟ್ರಸ್ಟ್, ವೃದ್ಧಾಶ್ರಮ, ಶಾಲೆ, ಆಸ್ಪತ್ರೆ ಇವೆಲ್ಲ ಬೇರೆ ಗುಂಪು. ಅವಕ್ಕೆ ಆದಾಯ ತೆರಿಗೆ ಇಲಾಖೆಯ 80ಜಿ ಅನುಮೋದನೆ ಇರಬೇಕು. ಇದ್ದರೂ ಕೊಟ್ಟದ್ದರಲ್ಲಿ ಅರ್ಧಕ್ಕೆ ಮಾತ್ರ ಕಡಿತ, ಅದಕ್ಕೂ ಒಂದು ಮಿತಿ.

ಊರ ದೇವಸ್ಥಾನದ ಹುಂಡಿಗೆ, ಜಾತ್ರೆಗೆ, ಪೂಜೆಗೆ ಕೊಟ್ಟದ್ದು ಬರುವುದಿಲ್ಲ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಕೆಲವು ದೇವಸ್ಥಾನ, ಮಸೀದಿ, ಚರ್ಚ್‌ಗಳಿವೆ. ಅವುಗಳ ಜೀರ್ಣೋದ್ಧಾರಕ್ಕೆ, ದುರಸ್ತಿಗೆ ಕೊಟ್ಟದ್ದು ಮಾತ್ರ ಬರುತ್ತದೆ. ಒಂದು ಜಾತಿ ಅಥವಾ ಧರ್ಮದವರಿಗೆ ಮಾತ್ರ ಅಂತ ನಡೆಯುವ ಸಂಘಗಳಿಗೂ ಅನುಮೋದನೆ ಸಿಗುವುದಿಲ್ಲ. ಆದರೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳ ಒಳಿತಿಗೆ ನಡೆಯುವ ಸಂಸ್ಥೆಗೆ ಈ ಅಡ್ಡಿ ಇಲ್ಲ.

ಇನ್ನೊಂದು ಗೊಂದಲ ನಾನು ತುಂಬಾ ಸಲ ನೋಡುತ್ತೇನೆ. ‘ನಮ್ಮದು ನೋಂದಣಿ ಆಗಿದೆ, 12ಎ ಆಗಿದೆ’ ಅಂತ ಟ್ರಸ್ಟ್‌ನವರು ಹೇಳುತ್ತಾರೆ. ಸುಳ್ಳಲ್ಲ. ಆದರೆ 12ಎ ಅಥವಾ ಈಗಿನ 12ಎಬಿ ನೋಂದಣಿ ಟ್ರಸ್ಟ್‌ನ ಆದಾಯಕ್ಕೆ ತೆರಿಗೆ ಉಳಿಸಲು ಇರುವಂಥದ್ದು. ಕೊಟ್ಟವರಿಗೆ ಕಡಿತ ಸಿಗಲು 80ಜಿ ಅನುಮೋದನೆಯೇ ಬೇಕು. ಎರಡೂ ಬೇರೆ ಬೇರೆ ಆದೇಶ.

ಆ ಅನುಮೋದನೆಗೂ ಅವಧಿ ಇದೆ. ಮೊದಲೆಲ್ಲ ಒಮ್ಮೆ ಸಿಕ್ಕರೆ ಅದೇ ಮುಂದುವರಿಯುತ್ತಿತ್ತು. 2021ರಿಂದ ಹಳಬರೆಲ್ಲ ಮತ್ತೆ ಅರ್ಜಿ ಹಾಕಿ ಹೊಸ ನಂಬರ್ ಪಡೆಯಬೇಕಾಯಿತು. ಹೊಸ ಸಂಸ್ಥೆಗೆ ಮೊದಲು ಸಿಗುವುದು ತಾತ್ಕಾಲಿಕ ಅನುಮೋದನೆ, ಹೆಚ್ಚೆಂದರೆ ಮೂರು ವರ್ಷ. ಆಮೇಲೆ ಐದೈದು ವರ್ಷ. 2021ರ ಸುಮಾರಿಗೆ ಮರು ಅನುಮೋದನೆ ಪಡೆದ ಎಷ್ಟೋ ಹಳೇ ಟ್ರಸ್ಟ್‌ಗಳ ಅವಧಿ 2026ರ ಮಾರ್ಚ್ 31ರವರೆಗೆ ಮಾತ್ರ. ಅದರ ನಂತರ ಕೊಡುವವರು ‘ನವೀಕರಣ ಆಗಿದೆಯಾ, ಆದೇಶದ ಪ್ರತಿ ತೋರಿಸ್ತೀರಾ’ ಅಂತ ಕೇಳಲೇಬೇಕು. ಇದರಲ್ಲಿ ಸಂಕೋಚ ಬೇಡ. ಒಳ್ಳೆಯ ಟ್ರಸ್ಟ್‌ನವರು ಖುಷಿಯಿಂದ ತೋರಿಸುತ್ತಾರೆ. incometaxindia.gov.in ತಾಣದಲ್ಲೂ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಯಲ್ಲಿ ಹುಡುಕಬಹುದು.

ಹೊಸ ನಂಬರ್ ಗುರುತಿಸುವುದು ಸುಲಭ. ಅದರ ಮೊದಲ ಹತ್ತು ಅಕ್ಷರ ಟ್ರಸ್ಟ್‌ನ ಪ್ಯಾನ್ ನಂಬರೇ ಆಗಿರುತ್ತದೆ. ರಸೀದಿಯ ಕೆಳಗೆ 2021ಕ್ಕಿಂತ ಹಿಂದಿನ ಯಾವುದೋ ಆದೇಶದ ನಂಬರ್ ಇದ್ದರೆ ಹಳೇ ರಸೀದಿ ಪುಸ್ತಕವನ್ನೇ ಬಳಸುತ್ತಿದ್ದಾರೆ ಅಂತ ಅರ್ಥ. ಅನುಮೋದನೆ ಇದ್ದೂ ಪುಸ್ತಕ ಬದಲಿಸದವರು ಇದ್ದಾರೆ. ಅನುಮೋದನೆಯೇ ಹೋದವರೂ ಇದ್ದಾರೆ. ಕೇಳಿಯೇ ತಿಳಿಯಬೇಕು.

ಈ ಅಂಧ ಮಕ್ಕಳ ಶಾಲೆಯ ಅನುಮೋದನೆ ಸರಿಯಾಗಿತ್ತು. ಆದರೂ ಆ ಚೆಂದದ ರಸೀದಿ ಒಂದರಿಂದಲೇ ಕೆಲಸ ಆಗುತ್ತಿರಲಿಲ್ಲ.

2021ರ ಏಪ್ರಿಲ್ 1ರ ನಂತರದ ದಾನಗಳಿಗೆ ನಿಯಮ ಬದಲಾಗಿದೆ. ಅನುಮೋದನೆ ಪಡೆದ ಸಂಸ್ಥೆ ವರ್ಷದ ದಾನಿಗಳ ವಿವರವನ್ನೆಲ್ಲ ಫಾರಂ 10ಬಿಡಿಯಲ್ಲಿ ಇಲಾಖೆಗೆ ಕೊಡಬೇಕು. ಅದಕ್ಕೆ ಕೊನೇ ದಿನ ಮೇ 31. ಹಾಗೆ ಕೊಟ್ಟ ಮೇಲೆ ಇಲಾಖೆಯ ಪೋರ್ಟಲ್‌ನಿಂದ ಪ್ರತಿ ದಾನಿಗೂ ಫಾರಂ 10ಬಿಇ ಅನ್ನುವ ಪ್ರಮಾಣಪತ್ರ ಇಳಿಸಿಕೊಡಬೇಕು. ನಿಮ್ಮ ಕಡಿತಕ್ಕೆ ಆಧಾರ ಇದೇ. ಸಂಸ್ಥೆ ಇಲಾಖೆಗೆ ಕೊಟ್ಟ ಮಾಹಿತಿಯಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ, ನಿಮ್ಮ ಕೈಲಿ ರಸೀದಿ ಇದ್ದರೂ ಕಡಿತ ನಿಲ್ಲುವುದು ಕಷ್ಟ. ತಡ ಮಾಡಿದರೆ ಸಂಸ್ಥೆಗೆ ದಿನಕ್ಕೆ 200 ರೂಪಾಯಿ ಶುಲ್ಕ ಬೀಳುತ್ತದೆ, ಮೇಲೆ ದಂಡವೂ ಉಂಟು. ಪರಿಹಾರ ನಿಧಿಗಳಿಗೆ ಮಾತ್ರ ಈ ಗೋಜಿಲ್ಲ, ನಿಧಿಯ ರಸೀದಿ ಸಾಕು.

10ಬಿಇ ಕೈಗೆ ಬಂದಾಗ ಸುಮ್ನೆ ಫೈಲಿಗೆ ಹಾಕಬೇಡಿ. ಕೂತು ಓದಿ. ಸಂಸ್ಥೆಯ ಹೆಸರು, ವಿಳಾಸ, ಪ್ಯಾನ್, ಅನುಮೋದನೆಯ ನಂಬರ್ ಮತ್ತು ತಾರೀಕು ಇರಬೇಕು. ನಿಮ್ಮ ಹೆಸರು, ವಿಳಾಸ, ಪ್ಯಾನ್ ಅಥವಾ ಆಧಾರ್ ಇರಬೇಕು. ಮೊತ್ತ, ಯಾವ ಹಣಕಾಸು ವರ್ಷ, ಮೂಲಧನಕ್ಕೆ ಕೊಟ್ಟದ್ದೋ ಬೇರೆಯದಕ್ಕೋ ಅನ್ನುವುದೂ ಇರಬೇಕು. ಮೇಲೆ ಒಂದು ಸ್ವೀಕೃತಿ ನಂಬರ್ ಇರುತ್ತದೆ, ಎಆರ್‌ಎನ್ ಅಂತ. ರಿಟರ್ನ್‌ನಲ್ಲಿ 80ಜಿ ವಿವರ ತುಂಬುವಾಗ ಆ ನಂಬರ್ ಹಾಕಬೇಕು. ಲೆಟರ್‌ಹೆಡ್ ಮೇಲೆ ಟೈಪ್ ಮಾಡಿಕೊಟ್ಟ ‘ದಾನದ ಪ್ರಮಾಣಪತ್ರ’ದಲ್ಲಿ ಆ ನಂಬರ್ ಇರುವುದಿಲ್ಲ. ಹಾಗೆ ಗೊತ್ತಾಗುತ್ತದೆ ಅದು 10ಬಿಇ ಅಲ್ಲ ಅಂತ.

ನಮ್ಮ ಇಂಜಿನಿಯರ್ ಟ್ರಸ್ಟ್‌ಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ವಾಟ್ಸ್ಯಾಪ್‌ನಲ್ಲಿ 10ಬಿಇ ಬಂತು. ತೆರೆದು ನೋಡಿದರೆ ಅದರಲ್ಲೂ ತಂದೆಯ ಹೆಸರು, ತಂದೆಯ ಪ್ಯಾನ್! ಆದದ್ದು ಇಷ್ಟು. ತಂದೆ ಆ ಶಾಲೆಗೆ ವರ್ಷಾ ವರ್ಷ ಕೊಡುತ್ತಿದ್ದರು. ಅವರ ಪ್ಯಾನ್ ಟ್ರಸ್ಟ್‌ನ ಪುಸ್ತಕದಲ್ಲಿತ್ತು. ಮಗ ‘ಅಪ್ಪನ ಹೆಸರಲ್ಲಿ ಬರೆದುಕೊಳ್ಳಿ’ ಅಂದಿದ್ದರು. ಅವರ ಮನಸ್ಸಿನಲ್ಲಿದ್ದದ್ದು ನೆನಪಿಗೆ ಅಂತ. ಗುಮಾಸ್ತರು ಬರೆದುಕೊಂಡದ್ದು ಕೊಟ್ಟವರು ಅಂತ. ಯಾರದೂ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ದುಡ್ಡು ಹೋದದ್ದು ಮಗನ ಖಾತೆಯಿಂದ, ಇಲಾಖೆಯ ದಾಖಲೆಯಲ್ಲಿ ದಾನಿ ತೀರಿಹೋದ ತಂದೆ. ಹಾಗೇ ರಿಟರ್ನ್ ಸಲ್ಲಿಸಿದ್ದರೆ ಮಗನ ಕಡಿತಕ್ಕೆ ತಾಳೆ ಆಗುವ ದಾಖಲೆಯೇ ಇರುತ್ತಿರಲಿಲ್ಲ.

ಇದಕ್ಕೆ ದಾರಿ ಇದೆ. ಸಂಸ್ಥೆ 10ಬಿಡಿಯನ್ನು ತಿದ್ದಿ ಮತ್ತೆ ಸಲ್ಲಿಸಬಹುದು. ನಾವು ಟ್ರಸ್ಟ್‌ಗೆ ಒಂದು ಪತ್ರ ಬರೆದೆವು. ಜೊತೆಗೆ ಮಗನ ಪ್ಯಾನ್, ದುಡ್ಡು ಹೋದ ದಿನದ ಬ್ಯಾಂಕ್ ವಿವರ ಲಗತ್ತಿಸಿದೆವು. ಅವರ ಆಡಿಟರ್ ಜೊತೆ ನಾನೇ ಮಾತಾಡಿದೆ. ಸುಮಾರು ಹತ್ತು ದಿನದಲ್ಲಿ ಮಗನ ಹೆಸರಿನ ಹೊಸ 10ಬಿಇ ಬಂತು. ಅಲ್ಲಿಯವರೆಗೆ ರಿಟರ್ನ್ ಸಲ್ಲಿಸಬೇಡಿ ಅಂತ ನಿಲ್ಲಿಸಿದ್ದೆ.

ಆಮೇಲೆ ಲೆಕ್ಕ. ಮಿತಿ ಅಂದೆನಲ್ಲ, ಅದು ಹೊಂದಿಸಿದ ಒಟ್ಟು ಆದಾಯದ ಶೇಕಡ 10. ಅವರ ಒಟ್ಟು ಆದಾಯ 17,00,000. ಅದರಲ್ಲಿ ಮ್ಯೂಚುವಲ್ ಫಂಡ್ ಮಾರಿದ ದೀರ್ಘಾವಧಿ ಲಾಭ 1,00,000, ಅದನ್ನು ತೆಗೆಯಬೇಕು. ಭವಿಷ್ಯನಿಧಿ, ಆರೋಗ್ಯ ವಿಮೆ, ಎನ್‌ಪಿಎಸ್ ಇವುಗಳ ಕಡಿತ 2,50,000, ಅದನ್ನೂ ತೆಗೆಯಬೇಕು. ಉಳಿಯಿತು 13,50,000. ಅದರ ಶೇಕಡ 10 ಅಂದರೆ 1,35,000. ಕೊಟ್ಟದ್ದು 2,00,000 ಆದರೂ ಲೆಕ್ಕಕ್ಕೆ ಸಿಗುವುದು 1,35,000. ಅದರ ಅರ್ಧ 67,500. ಅವರು ಶೇಕಡ 30ರ ಹಂತದಲ್ಲಿದ್ದರು. ಸೆಸ್ ಸೇರಿ ಉಳಿದ ತೆರಿಗೆ 21,060 ರೂಪಾಯಿ.

ಮಿತಿ ಮೀರಿದ 65,000ವನ್ನು ಮುಂದಿನ ವರ್ಷಕ್ಕೆ ತಳ್ಳುವ ಅವಕಾಶ ಇಲ್ಲ. ಅದೇ ದುಡ್ಡನ್ನು ಮಾರ್ಚ್‌ನಲ್ಲಿ ಸ್ವಲ್ಪ, ಏಪ್ರಿಲ್‌ನಲ್ಲಿ ಸ್ವಲ್ಪ ಅಂತ ಎರಡು ವರ್ಷಕ್ಕೆ ಹಂಚಿ ಕೊಟ್ಟಿದ್ದರೆ, ಆದಾಯ ಹೆಚ್ಚುಕಡಿಮೆ ಅಷ್ಟೇ ಇದ್ದರೆ, ಪೂರ್ತಿ ಎರಡು ಲಕ್ಷದ ಅರ್ಧಕ್ಕೂ ಕಡಿತ ಸಿಗುತ್ತಿತ್ತು. ದೊಡ್ಡ ಮೊತ್ತ ಕೊಡುವವರು ಕೊಡುವ ಮುಂಚೆಯೇ ಈ ಶೇಕಡ 10ನ್ನು ಲೆಕ್ಕ ಹಾಕಿಕೊಂಡರೆ ಒಳ್ಳೆಯದು, ಅಲ್ವಾ?

‘ಇಪ್ಪತ್ತೊಂದು ಸಾವಿರ ಅಷ್ಟೇನಾ’ ಅಂದರು ಅವರು ಮೊದಲು. ಆಮೇಲೆ ಆ 10ಬಿಇಯ ಮೇಲೆ ತಮ್ಮ ಹೆಸರನ್ನು ಇನ್ನೊಮ್ಮೆ ಓದಿದರು. ‘ಅಪ್ಪನ ಹೆಸರು ಎಲ್ಲೂ ಇಲ್ವಲ್ಲ ಮೇಡಂ’ ಅಂದರು. ಆ ಮಾತು ನನಗೆ ನಾಟಿತು. ಟ್ರಸ್ಟ್‌ನ ಕಾರ್ಯದರ್ಶಿಗೆ ಫೋನ್ ಮಾಡಿ ಹೇಳಿದೆ. ಈ ವರ್ಷದ ಅವರ ಹೊಸ ರಸೀದಿ ಪುಸ್ತಕದಲ್ಲಿ ಎರಡು ಸಾಲು ಇವೆ. ಮೇಲೆ ‘ಕೊಟ್ಟವರು’, ಪಕ್ಕದಲ್ಲಿ ಪ್ಯಾನ್‌ಗೆ ಹತ್ತು ಮನೆಗಳು. ಕೆಳಗೆ ‘ಯಾರ ನೆನಪಿಗೆ’.